ಒಪ್ಪಂದ ನಡುವೆ ನಿಂತಾಗ ಕೊನೆಯ ಬಿಲ್ಲು

ಬೆಂಗಳೂರಿನ ಕನ್ಸಲ್ಟೆಂಟ್ ಒಬ್ಬರಿಗೆ ತಿಂಗಳ ಶುಲ್ಕ 90,000 ರೂಪಾಯಿ ಎಂದುಕೊಳ್ಳಿ. ಒಪ್ಪಂದದಂತೆ 15 ದಿನ ಮುಂಚಿತವಾಗಿ ನೋಟಿಸ್ ಕೊಟ್ಟು ಯಾರು ಬೇಕಾದರೂ ಹೊರಬರಬಹುದು. ಜೂನ್ 5ರಂದು ಕಂಪನಿ ನೋಟಿಸ್ ಕಳಿಸಿತು. ಜೂನ್ 20 ಕೊನೆಯ ದಿನ.

ಕೆಲಸ ಅರ್ಧಕ್ಕೆ ನಿಂತರೆ, ನಿಂತಾಗಲೇ ಅಲ್ಲಿಯವರೆಗಿನ ಸೇವೆಗೆ ಬಿಲ್ಲು ಕೊಡಬೇಕೆನ್ನುತ್ತದೆ ಜಿಎಸ್‌ಟಿ ಕಾಯ್ದೆ. 20 ದಿನಕ್ಕೆ 60,000, ಅದರ ಮೇಲೆ ಶೇಕಡಾ 18 ತೆರಿಗೆ 10,800, ಒಟ್ಟು 70,800 ರೂಪಾಯಿ. ತೆರಿಗೆಯನ್ನು ಬೇರೆ ಸಾಲಿನಲ್ಲಿ ತೋರಿಸಿದರೆ ಶೇಕಡಾ 10ರ ಟಿಡಿಎಸ್ 60,000ಕ್ಕೆ ಮಾತ್ರ ಕಡಿತವಾಗುತ್ತದೆ. ಖಾತೆಗೆ ಬರುವುದು 64,800.

ಜಗಳ ಹುಟ್ಟುವುದು ಹೆಚ್ಚಾಗಿ ಗೌಪ್ಯ ಕಡತಗಳಿಂದ. ಲ್ಯಾಪ್‌ಟಾಪ್ ಮರಳಿಸಿದ ಮಾತ್ರಕ್ಕೆ ಮುಗಿಯಲಿಲ್ಲ. ಸ್ವಂತ ಮೇಲ್, ವಾಟ್ಸ್ಆ್ಯಪ್, ಪೆನ್‌ಡ್ರೈವ್‌ಗಳಲ್ಲಿ ಪ್ರತಿಗಳು ಉಳಿದಿರುತ್ತವೆ. ಮೊದಲು ಹಿಂತಿರುಗಿಸಿ, ಪಟ್ಟಿಗೆ ಸ್ವೀಕೃತಿಯ ಸಹಿ ಪಡೆದು, ಆಮೇಲೆ ಅಳಿಸುವುದೇ ಸರಿಯಾದ ಕ್ರಮ. ತಾನಾಗಿ ಉಳಿಯುವ ಬ್ಯಾಕಪ್ ಇದ್ದರೆ ಅದನ್ನೂ ಪತ್ರದಲ್ಲಿ ಹೇಳಬೇಕು. ತನ್ನ ಬಿಲ್ಲು, ಒಪ್ಪಂದ, ತೆರಿಗೆ ದಾಖಲೆಗಳನ್ನು ಮಾತ್ರ ಅಳಿಸಬಾರದು.

ಬಾಕಿ ಹಣಕ್ಕಾಗಿ ಕಡತ ಹಿಡಿದಿಟ್ಟುಕೊಳ್ಳುವುದು ಅಪಾಯಕಾರಿ: ಆಗ ಒಪ್ಪಂದ ಮುರಿದವರು ಕನ್ಸಲ್ಟೆಂಟರೇ ಆಗುತ್ತಾರೆ. ಉದ್ಯಮ್ ನೋಂದಣಿ ಇರುವ ಸಣ್ಣ ಸೇವಾದಾರರಿಗೆ ಬೇರೆ ದಾರಿಯಿದೆ. 2006ರ ಎಂಎಸ್‌ಎಂಇ ಕಾಯ್ದೆಯಂತೆ ಸೇವೆ ಸ್ವೀಕರಿಸಿದವರು ಹೆಚ್ಚೆಂದರೆ 45 ದಿನದಲ್ಲಿ ಹಣ ಕೊಡಬೇಕು. ತಪ್ಪಿದರೆ ಚಕ್ರಬಡ್ಡಿ ಸೇರುತ್ತದೆ.