ಕಿವಿ ಹೇಳಿದಂತೆ ಬರೆಯುವ ಕೈ

ಇಂಗ್ಲಿಷಿನಲ್ಲಿ ‘ನಾನು ಹೋಗಬಹುದಿತ್ತು’ ಎನ್ನಲು ‘ಐ ಕುಡ್ ಹ್ಯಾವ್ ಗಾನ್’ ಎಂದು ಬರೆಯಬೇಕು. ಆದರೆ ಇಂಗ್ಲಿಷ್ ತಾಯ್ನುಡಿಯಾಗಿರುವ ಅನೇಕರು ಇದನ್ನು ‘ಐ ಕುಡ್ ಆಫ್ ಗಾನ್’ ಎಂದು ಬರೆಯುತ್ತಾರೆ. ‘ಶುಡ್ ಹ್ಯಾವ್’, ‘ವುಡ್ ಹ್ಯಾವ್’, ‘ಮಸ್ಟ್ ಹ್ಯಾವ್’ಗಳಿಗೂ ಇದೇ ಗತಿ. ವ್ಯಾಕರಣದ ಕಣ್ಣಿನಲ್ಲಿ ‘ಹ್ಯಾವ್’ ಮತ್ತು ‘ಆಫ್’ ನಡುವೆ ಯಾವ ನಂಟೂ ಇಲ್ಲ. ಒಂದು ಸಹಾಯಕ ಕ್ರಿಯಾಪದ, ಇನ್ನೊಂದು ನಮ್ಮ ಷಷ್ಠಿ ವಿಭಕ್ತಿಯ ಕೆಲಸ ಮಾಡುವ ಪುಟ್ಟ ಪದ. ಹಾಗಿದ್ದರೂ ಒಂದರ ಜಾಗದಲ್ಲಿ ಇನ್ನೊಂದು ಬಂದು ಕೂರುವುದಕ್ಕೆ ಕಾರಣ ಆಡುಮಾತಿನ ಉಚ್ಚಾರಣೆಯಲ್ಲಿದೆ.

ಇಂಗ್ಲಿಷ್ ಮಾತಿನಲ್ಲಿ ಎಲ್ಲ ಪದಗಳಿಗೂ ಒಂದೇ ತೂಕವಿಲ್ಲ. ಅರ್ಥ ಹೊರುವ ಪದಗಳ ಮೇಲೆ ಒತ್ತು ಬೀಳುತ್ತದೆ. ನಡುವೆ ಬರುವ ಸಣ್ಣ ಪದಗಳು ಸವೆದುಹೋಗುತ್ತವೆ. ಒತ್ತು ಇಲ್ಲದ ಕಡೆ ‘ಹ್ಯಾವ್’ ಪದದ ಮೊದಲ ಹಕಾರ ಬಿದ್ದುಹೋಗುತ್ತದೆ, ಸ್ವರ ಮಂಕಾಗಿ ಅಸ್ಪಷ್ಟ ಅಕಾರದಂತಾಗುತ್ತದೆ. ಉಳಿಯುವುದು ಹೆಚ್ಚುಕಡಿಮೆ ‘ಅವ್’ ಅಷ್ಟೇ. ಹೀಗಾಗಿ ‘ಕುಡ್ ಹ್ಯಾವ್’ ಎಂಬುದು ಬಾಯಲ್ಲಿ ‘ಕುಡವ್’ ಆಗುತ್ತದೆ. ಅತ್ತ ‘ಆಫ್’ ಕೂಡ ಇದೇ ದಾರಿಯಲ್ಲಿ ಸವೆಯುತ್ತದೆ. ಅದನ್ನು ಓ ಮತ್ತು ಎಫ್ ಅಕ್ಷರಗಳಿಂದ ಬರೆದರೂ ಇಂಗ್ಲಿಷರು ಕೊನೆಯ ಎಫ್ ಅನ್ನು ವಕಾರವಾಗಿ ನುಡಿಯುತ್ತಾರೆ. ‘ಕಪ್ ಆಫ್ ಟೀ’ ಅವರ ಬಾಯಲ್ಲಿ ‘ಕಪವ್ ಟೀ’ ಎಂದೇ ಕೇಳುತ್ತದೆ. ಎರಡು ಬೇರೆ ಬೇರೆ ಪದಗಳು ಸವೆದು ಸವೆದು ಒಂದೇ ಧ್ವನಿಯಲ್ಲಿ ಬಂದು ಸೇರಿವೆ.

ಒಂದೇ ಧ್ವನಿಗೆ ಎರಡು ಬರಹಗಳಿದ್ದಾಗ ಕೈ ಯಾವುದನ್ನು ಆರಿಸುತ್ತದೆ? ತಾಯ್ನುಡಿಯಲ್ಲಿ ಬರೆಯುವವರು ವಾಕ್ಯವನ್ನು ಮನಸ್ಸಿನಲ್ಲೇ ನುಡಿದುಕೊಂಡು, ಕೇಳಿದ ಧ್ವನಿಗೆ ಅಕ್ಷರ ಕೊಡುತ್ತಾ ಹೋಗುತ್ತಾರೆ. ‘ಅವ್’ ಎಂಬ ಧ್ವನಿಗೆ ಇಂಗ್ಲಿಷ್ ಬರಹದಲ್ಲಿ ಅತ್ಯಂತ ಹೆಚ್ಚು ಬಾರಿ ಕಣ್ಣಿಗೆ ಬೀಳುವ ರೂಪ ‘ಆಫ್’. ಆ ಭಾಷೆಯಲ್ಲಿ ಅತಿ ಹೆಚ್ಚು ಬಳಕೆಯಾಗುವ ಕೆಲವೇ ಪದಗಳಲ್ಲಿ ಅದೂ ಒಂದು. ಹಾಗಾಗಿ ಗಮನ ಸ್ವಲ್ಪ ಸಡಿಲವಾದರೂ ಅದೇ ಮೊದಲು ಕೈಗೆ ಸಿಗುತ್ತದೆ. ಇದಕ್ಕೆ ಇನ್ನೊಂದು ಕಾರಣವೂ ಸೇರುತ್ತದೆ. ‘ಕುಡ್ ಹ್ಯಾವ್’ಗೆ ವಿ, ಇ ಅಕ್ಷರಗಳ ಹಿಂದೆ ಲೋಪಚಿಹ್ನೆ ಹಾಕಿ ಬರೆಯುವ ಮೊಟಕು ರೂಪವಿದೆ. ಇಂಥ ಮೊಟಕು ರೂಪಗಳು ಗಂಭೀರ ಬರವಣಿಗೆಗೆ ಸಲ್ಲವೆಂದು ಶಾಲೆಯಲ್ಲಿ ಕಲಿಸುವುದುಂಟು. ಆ ಪಾಠ ನೆನಪಿಟ್ಟು ಮೊಟಕನ್ನು ಬಿಡಿಸಿ ಬರೆಯಲು ಹೊರಟವರು, ಒಳಗಿರುವ ಪದ ಯಾವುದೆಂದು ಯೋಚಿಸದೆ ‘ಆಫ್’ ಎಂದು ಬಿಡಿಸಿಬಿಡುತ್ತಾರೆ.

ಈ ತಪ್ಪು ಎಲ್ಲಿ ಆಗುವುದಿಲ್ಲ ಎಂಬುದನ್ನು ನೋಡಿದರೆ ಕಾರಣ ಇನ್ನಷ್ಟು ಸ್ಪಷ್ಟವಾಗುತ್ತದೆ. ‘ದೇ ಹ್ಯಾವ್ ಗಾನ್’ ಎಂಬುದನ್ನು ಯಾರೂ ‘ದೇ ಆಫ್ ಗಾನ್’ ಎಂದು ಬರೆಯುವುದಿಲ್ಲ. ‘ದೇ’ ಸ್ವರದಲ್ಲಿ ಮುಗಿಯುವುದರಿಂದ ಅದರ ಮುಂದೆ ‘ಹ್ಯಾವ್’ ಬರಿಯ ವಕಾರವಾಗಿ ಅಂಟಿಕೊಳ್ಳುತ್ತದೆ, ‘ದೇವ್’ ಎಂದು ಕೇಳುತ್ತದೆ. ಅಲ್ಲಿ ಅಕಾರವೇ ಇಲ್ಲ, ಆದ್ದರಿಂದ ‘ಆಫ್’ ನೆನಪಾಗುವುದಿಲ್ಲ. ‘ಕುಡ್’, ‘ಶುಡ್’, ‘ಮಸ್ಟ್’ಗಳು ವ್ಯಂಜನದಲ್ಲಿ ಮುಗಿಯುತ್ತವೆ. ವ್ಯಂಜನದಿಂದ ವಕಾರಕ್ಕೆ ದಾಟಲು ನಡುವೆ ಒಂದು ಸ್ವರ ಬೇಕು; ಆ ಸ್ವರವೇ ಗೊಂದಲವನ್ನು ಹುಟ್ಟಿಸುತ್ತದೆ.

ಈ ಬರಹ ಹೊಸದೇನಲ್ಲ. ಅಮೆರಿಕದ ಲೇಖಕ ರಿಂಗ್ ಲಾರ್ಡ್ನರ್ 1916ರಲ್ಲಿ ಪುಸ್ತಕವಾಗಿ ಬಂದ ‘ಯು ನೋ ಮಿ ಆಲ್’ ಕೃತಿಯಲ್ಲಿ, ಹೆಚ್ಚು ಓದದ ಬೇಸ್‌ಬಾಲ್ ಆಟಗಾರನೊಬ್ಬನ ಪತ್ರಗಳಿಗೆ ಸಹಜತೆ ತರಲು ಇಂಥ ತಪ್ಪುಗಳನ್ನು ಬೇಕೆಂದೇ ಬಳಸಿದ. ಇದನ್ನು ಬರಿಯ ಕಾಗುಣಿತದ ತಪ್ಪೆಂದು ಒಪ್ಪದ ವಿದ್ವಾಂಸರೂ ಇದ್ದಾರೆ. ಭಾಷಾವಿಜ್ಞಾನಿ ರಿಚರ್ಡ್ ಕೇನ್ 1997ರ ಲೇಖನವೊಂದರಲ್ಲಿ, ಕೆಲವು ಮಾತುಗಾರರ ಮನಸ್ಸಿನಲ್ಲಿ ಈ ಜಾಗದಲ್ಲಿರುವುದು ‘ಹ್ಯಾವ್’ ಕ್ರಿಯಾಪದವೇ ಅಲ್ಲ, ನಿಜಕ್ಕೂ ‘ಆಫ್’ ಎಂದು ವಾದಿಸಿದರು. ಅದನ್ನು ಒಪ್ಪಿದರೆ, ಅಂಥವರ ಮಟ್ಟಿಗೆ ಬದಲಾಗಿರುವುದು ಬರಹ ಮಾತ್ರವಲ್ಲ, ವಾಕ್ಯದ ರಚನೆಯೇ. ಆದರೆ ಶಿಷ್ಟ ಬರಹ ಈಗಲೂ ‘ಹ್ಯಾವ್’ ಒಂದನ್ನೇ ಒಪ್ಪುತ್ತದೆ.

ಇದೇ ಬಳಗಕ್ಕೆ ಸೇರಿದ ಇನ್ನೊಂದು ತಪ್ಪು ‘ಯೂಸ್ಡ್ ಟು’ ಎಂಬುದನ್ನು ‘ಯೂಸ್ ಟು’ ಎಂದು ಬರೆಯುವುದು. ಇಲ್ಲಿ ಮೊದಲ ಪದದ ಕೊನೆಯ ಧ್ವನಿಯೂ ಎರಡನೆಯದರ ಮೊದಲ ಧ್ವನಿಯೂ ಬಾಯಲ್ಲಿ ಒಂದೇ ಟಕಾರವಾಗಿ ಬೆರೆಯುತ್ತವೆ. ಕಿವಿಗೆ ಕೇಳದ ಡಿ ಅಕ್ಷರವನ್ನು ಕೈಯೂ ಬಿಟ್ಟುಬಿಡುತ್ತದೆ. ‘ಸಪೋಸ್ಡ್ ಟು’ ಪದಗುಚ್ಛಕ್ಕೂ ಹೀಗೆಯೇ ಆಗುತ್ತದೆ.

ಇಂಥ ತಪ್ಪುಗಳಲ್ಲಿ ಕೆಲವು ಕಾಲಾಂತರದಲ್ಲಿ ಸರಿಯಾದ ರೂಪಗಳಾಗಿ ನೆಲೆಯೂರಿವೆ. ಇಂದಿನ ‘ಐಸ್ ಕ್ರೀಮ್’ ಮೊದಲು ‘ಐಸ್ಡ್ ಕ್ರೀಮ್’ ಆಗಿತ್ತು. ನಡುವಿನ ಡಕಾರ ಮಾತಿನಲ್ಲಿ ಕಳೆದು, ಆಮೇಲೆ ಬರಹದಲ್ಲೂ ಕಳೆಯಿತು. ಅಡ್ಡಹೆಸರು ಎಂಬರ್ಥದ ‘ನಿಕ್‌ನೇಮ್’ ಹಿಂದೆ ‘ಈಕ್‌ನೇಮ್’ ಆಗಿತ್ತು. ಅದರ ಹಿಂದೆ ಬರುವ ‘ಆನ್’ನ ನಕಾರ ಪದಕ್ಕೇ ಸೇರಿದ್ದೆಂದು ಕೇಳಿಸಿಕೊಂಡವರು ಅದನ್ನು ಹಾಗೆಯೇ ಬರೆದರು. ‘ಏಪ್ರನ್’ ಕಥೆ ಇದರ ತಿರುವುಮುರುವು: ‘ನೇಪ್ರನ್’ ಎಂಬ ಪದದ ನಕಾರ ಕಳಚಿ ಹಿಂದಿನ ಪದಕ್ಕೆ ಹೋಯಿತು.

ಇಂಗ್ಲಿಷನ್ನು ಶಾಲೆಯಲ್ಲಿ ಕಲಿಯುವ ಕನ್ನಡಿಗರು ‘ಕುಡ್ ಆಫ್’ ಎಂದು ಬರೆಯುವುದು ಅಪರೂಪ. ಅವರಲ್ಲಿ ಹೆಚ್ಚಿನವರು ಈ ಪದಗಳನ್ನು ಕೇಳುವ ಮೊದಲೇ ಪುಸ್ತಕದಲ್ಲಿ ಕಾಣುತ್ತಾರೆ. ‘ಹ್ಯಾವ್’ ಅನ್ನು ಪೂರ್ತಿಯಾಗಿಯೂ ‘ಆಫ್’ ಅನ್ನು ಫಕಾರದಿಂದಲೂ ನುಡಿಯುತ್ತಾರೆ. ಎರಡೂ ಒಂದೇ ಧ್ವನಿಯಾಗದಿದ್ದರೆ ಗೊಂದಲಕ್ಕೆ ಎಡೆಯೇ ಇಲ್ಲ. ಆದರೆ ತಾಯ್ನುಡಿಯ ಬರಹಕ್ಕೆ ಬಂದಾಗ ಕನ್ನಡಿಗರ ಕೈಯೂ ಕಿವಿಯ ಮಾತನ್ನೇ ಕೇಳುತ್ತದೆ. ಕನ್ನಡ ಲಿಪಿ ಬಹುಮಟ್ಟಿಗೆ ಉಚ್ಚಾರಣೆಯನ್ನೇ ಅನುಸರಿಸುವುದರಿಂದ, ಬಾಯಿ ಬಿಟ್ಟ ಭೇದವನ್ನು ಲಿಪಿ ಉಳಿಸಿಕೊಂಡಿರುವ ಕೆಲವೇ ಜಾಗಗಳಲ್ಲಿ ತಪ್ಪುಗಳು ಗುಂಪುಗೂಡುತ್ತವೆ. ಶ ಮತ್ತು ಷ ಹಲವರ ಬಾಯಲ್ಲಿ ಒಂದೇ ಆದ್ದರಿಂದ ‘ವಿಶೇಷ’ವು ‘ವಿಷೇಶ’ವಾಗುತ್ತದೆ. ಮಹಾಪ್ರಾಣ ನುಡಿಯದವರು ‘ಭಾಷೆ’ಯನ್ನು ‘ಬಾಷೆ’ ಎಂದೂ, ಹಕಾರ ಬಿಡುವವರು ‘ಹಾಲು’ ಪದವನ್ನು ‘ಆಲು’ ಎಂದೂ ಬರೆಯುತ್ತಾರೆ. ಹಕಾರ ಬಿಡುತ್ತಿದ್ದೇನೆಂಬ ಅಳುಕಿನಿಂದ ಬೇಡದ ಕಡೆಯೂ ಅದನ್ನು ಸೇರಿಸಿ ‘ಅಕ್ಕಿ’ಯನ್ನು ‘ಹಕ್ಕಿ’ ಮಾಡುವುದೂ ಉಂಟು. ಮೊಟಕನ್ನು ಬಿಡಿಸಲು ಹೋಗಿ ‘ಆಫ್’ ಬರೆಯುವವರಂತೆ ಇಲ್ಲೂ ತಿದ್ದಿಕೊಳ್ಳುವ ಪ್ರಯತ್ನವೇ ತಪ್ಪಿಗೆ ದಾರಿಯಾಗುತ್ತದೆ.

ಪದಗಳನ್ನು ಒಂದೊಂದಾಗಿ ಮಾತ್ರ ನೋಡುವ ಸ್ಪೆಲ್ಲಿಂಗ್ ತಪಾಸಣೆಗೆ ‘ಕುಡ್ ಆಫ್’ ಸಿಕ್ಕಿಬೀಳುವುದಿಲ್ಲ, ಏಕೆಂದರೆ ಎರಡೂ ನಿಘಂಟಿನಲ್ಲಿರುವ ಪದಗಳೇ. ಅದನ್ನು ಗುರುತಿಸಲು ಮುಂದಿನ ಪದವನ್ನು ನೋಡಬೇಕು. ‘ಗಾನ್’, ‘ಡನ್’, ‘ಸೀನ್’ನಂಥ ಭೂತ ಕೃದಂತ ಬಂದರೆ ಅದರ ಹಿಂದೆ ಇರಬೇಕಾದದ್ದು ‘ಹ್ಯಾವ್’. ಬಂದದ್ದು ನಾಮಪದವಾದರೆ ‘ಆಫ್’ ಸರಿಯಿರಲೂಬಹುದು. ‘ಯು ಕುಡ್ ಆಫ್ ಕೋರ್ಸ್ ಗೋ’, ಅಂದರೆ ‘ನೀನು ಖಂಡಿತ ಹೋಗಬಹುದು’ ಎಂಬ ವಾಕ್ಯದಲ್ಲಿ ‘ಕುಡ್’ ಆದ ಮೇಲೆ ‘ಆಫ್’ ಬಂದರೂ ತಪ್ಪಿಲ್ಲ. ಅಲ್ಲಿ ‘ಆಫ್’ ಕೂಡಿಕೊಂಡಿರುವುದು ಮುಂದಿನ ‘ಕೋರ್ಸ್’ ಜೊತೆಗೆ, ಹಿಂದಿನ ‘ಕುಡ್’ ಜೊತೆಗಲ್ಲ.