ಏಳೂವರೆಯ ಕಾಲ್ ಆರೂವರೆಗೇ ಬಂದಾಗ

ಬೆಂಗಳೂರಿನ ಸಾಫ್ಟ್‌ವೇರ್ ಕಚೇರಿಗಳಲ್ಲಿ ಮಾರ್ಚ್ ತಿಂಗಳಲ್ಲಿ ಕ್ಲೈಂಟ್ ಕಾಲ್ ತಪ್ಪಿಹೋಗಲು ಒಂದು ವಿಶೇಷ ಕಾರಣವಿದೆ. ಅಮೆರಿಕದ ಬಹುಪಾಲು ರಾಜ್ಯಗಳಲ್ಲಿ ಮಾರ್ಚ್‌ನ ಎರಡನೇ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟು, ನವೆಂಬರ್‌ನ ಮೊದಲ ಭಾನುವಾರ ಮತ್ತೆ ಹಿಂದಿಡುತ್ತಾರೆ. ನಮ್ಮಲ್ಲಿ ಆ ಪದ್ಧತಿಯಿಲ್ಲ. ಹೀಗಾಗಿ ನ್ಯೂಯಾರ್ಕ್‌ನ ಬೆಳಗಿನ 9 ಗಂಟೆ ಎಂದರೆ ಚಳಿಗಾಲದಲ್ಲಿ ನಮಗೆ ರಾತ್ರಿ 7.30, ಆ ಭಾನುವಾರದಿಂದಾಚೆಗೆ ಸಂಜೆ 6.30.

ಒಬ್ಬ ಟೀಮ್ ಲೀಡ್ ಇದ್ದಾರೆ ಎಂದುಕೊಳ್ಳೋಣ. ಪ್ರತಿ ಮಂಗಳವಾರ 7.30ಕ್ಕೆ ಅವರಿಗೆ ನ್ಯೂಯಾರ್ಕ್ ಕ್ಲೈಂಟ್ ಜೊತೆ ಕಾಲ್. ಕರೆದವರು ಕ್ಲೈಂಟ್, ಆದ್ದರಿಂದ ಕ್ಯಾಲೆಂಡರ್‌ನಲ್ಲಿರುವುದು ನ್ಯೂಯಾರ್ಕ್ ಲೆಕ್ಕದ ಸಮಯ. ಮಾರ್ಚ್‌ನ ಆ ಮಂಗಳವಾರ ಅದು ತಾನಾಗಿಯೇ 6.30ಕ್ಕೆ ಸರಿದಿತ್ತು. ಲೀಡ್ ಮಾತ್ರ ರೂಢಿಯ ಮೇಲೆ ಹೋದರು. 7.10ಕ್ಕೆ ಫೋನ್ ನೋಡಿದರೆ ‘ನೀವು ಬರುತ್ತಿದ್ದೀರಾ?’ ಎಂಬ ಸಂದೇಶ. ಅದು ಬಂದು ಅರ್ಧ ಗಂಟೆಯಾಗಿತ್ತು.

ಇಂಥ ಹೊತ್ತಿನಲ್ಲಿ ಮೊದಲು ಬಾಯಿಗೆ ಬರುವುದು ನೆಟ್‌ವರ್ಕ್ ನೆಪ. ಅದು ಬೇಡ. ಮೀಟಿಂಗ್‌ಗೆ ಯಾರು ಎಷ್ಟು ಹೊತ್ತಿಗೆ ಬಂದರು ಎಂಬ ಪಟ್ಟಿ ಹಲವು ಆ್ಯಪ್‌ಗಳಲ್ಲಿ ಸಿಗುತ್ತದೆ. ನೆಟ್‌ವರ್ಕ್ ಕೈಕೊಟ್ಟವರು ಸೇರಲು ಯತ್ನಿಸಿದ ಗುರುತಾದರೂ ಇರಬೇಕಲ್ಲ? ಹಾಗೆಂದು ಗಡಿಯಾರ ಬದಲಾದ ಕಥೆಯನ್ನು ಉದ್ದಕ್ಕೆ ಹೇಳುವುದೂ ತರವಲ್ಲ. ಕಾಯುತ್ತ ಕುಳಿತವರಿಗೆ ಅದು ‘ತಪ್ಪು ನಿಮ್ಮ ದೇಶದ್ದು’ ಎಂದಂತೆ ಕೇಳಿಸುತ್ತದೆ. ಕಾರಣಕ್ಕೆ ಒಂದು ವಾಕ್ಯ ಸಾಕು. ನಂಬರ್ ಇದ್ದರೆ ಕೂಡಲೇ ಫೋನ್ ಮಾಡಿ, ಆಮೇಲೆ ಹೀಗೆ ಬರೆಯಬಹುದು:

‘ಇಂದಿನ 9 ಗಂಟೆಯ ಕಾಲ್‌ಗೆ ನಾನು ಬರಲಿಲ್ಲ. ನಿಮ್ಮ ತಂಡದ ಮೂವರು ಕಾದಿರಿ, ಕ್ಷಮಿಸಿ. ನಿಮ್ಮಲ್ಲಿ ಗಡಿಯಾರ ಬದಲಾದದ್ದನ್ನು ಗಮನಿಸದೆ ಹಳೆಯ ಸಮಯವನ್ನೇ ನೆಚ್ಚಿಕೊಂಡಿದ್ದೆ. ಇಂದು ಹೇಳಬೇಕಿದ್ದ ಟೆಸ್ಟಿಂಗ್ ವರದಿಯನ್ನು ಲಗತ್ತಿಸಿದ್ದೇನೆ. ಬಿಡುಗಡೆಯ ದಿನಾಂಕದ ಬಗ್ಗೆ ಮಾತ್ರ ನಿಮ್ಮ ತೀರ್ಮಾನ ಬೇಕು. ನಾಳೆ ನಿಮ್ಮ ಬೆಳಿಗ್ಗೆ 8.30 ಅಥವಾ 10, ಯಾವುದಾದರೂ ಸರಿ. ಎರಡೂ ಆಗದಿದ್ದರೆ ನಿಮ್ಮ ಅನುಕೂಲದ ಸಮಯ ತಿಳಿಸಿ.’

‘ನಿಮಗೆ ತೊಂದರೆಯಾಗಿದ್ದರೆ ಕ್ಷಮಿಸಿ’ ಎಂಬ ಮಾತು ಇಲ್ಲಿಲ್ಲ. ತೊಂದರೆಯಂತೂ ಆಗಿದೆ, ಅದರಲ್ಲಿ ‘ಆಗಿದ್ದರೆ’ ಯಾಕೆ? ವರದಿ ಕೈಸೇರಿದ್ದರಿಂದ ಮುಂದಿನ ಕಾಲ್ ಒಂದು ಗಂಟೆಯ ಬದಲು ಹದಿನೈದು ನಿಮಿಷದಲ್ಲಿ ಮುಗಿಯಬಹುದು. ಅವರು ಕಳೆದುಕೊಂಡ ಹೊತ್ತಿನಲ್ಲಿ ಒಂದಿಷ್ಟನ್ನು ಹೀಗೆ ಹಿಂತಿರುಗಿಸಿದಂತೆ. ಮರುದಿನದ ಕಾಲ್‌ನಲ್ಲಿ ಕ್ಷಮೆ ಒಂದೇ ವಾಕ್ಯದಲ್ಲಿ ಮುಗಿಯಲಿ. ಮತ್ತೆ ಮತ್ತೆ ಹೇಳಿದರೆ ‘ಪರವಾಗಿಲ್ಲ’ ಎಂದು ಸಮಾಧಾನ ಮಾಡುವ ಕೆಲಸವೂ ಅವರ ತಲೆಗೇ ಬೀಳುತ್ತದೆ.

ಕಾಲ್ ತಪ್ಪುವ ಮೊದಲೇ ಗೊತ್ತಾದರೆ ದಾರಿ ಸುಲಭ. ಸಂಜೆ 4 ಗಂಟೆಗೆ ಸರ್ವರ್ ಕೆಟ್ಟಿತು, 6.30ಕ್ಕೆ ಡೆಮೊ ತೋರಿಸುವುದು ಅನುಮಾನ ಎನ್ನಿ. ‘ನೋಡೋಣ, ಸರಿಹೋಗಬಹುದು’ ಎಂದು 6.20ರವರೆಗೆ ಕಾಯುವವರೇ ಹೆಚ್ಚು. ಬೇಜವಾಬ್ದಾರಿ ಎನಿಸುವುದು ಸಮಯ ಬದಲಿಸಿದ್ದಕ್ಕಿಂತ ಆ ಕೊನೆಯ ಹತ್ತು ನಿಮಿಷದಿಂದ. ಅನುಮಾನ ಬಂದಾಗಲೇ ತಿಳಿಸಿ: ‘6.30ರೊಳಗೆ ಸರ್ವರ್ ಸರಿಹೋಗುವುದು ಖಚಿತವಿಲ್ಲ. ಡೆಮೊ ನಾಳೆ ಇದೇ ಹೊತ್ತಿಗೆ ಇಟ್ಟುಕೊಳ್ಳೋಣವೇ? ಇಂದೇ ಮಾತಾಡಬೇಕಾದ ವಿಷಯವಿದ್ದರೆ ಡೆಮೊ ಇಲ್ಲದೆಯೂ ಸೇರಲು ಸಿದ್ಧನಿದ್ದೇನೆ.’ ಆಯ್ಕೆ ಈಗ ಅವರ ಕೈಯಲ್ಲಿದೆ. ನ್ಯೂಯಾರ್ಕ್‌ನಲ್ಲಿ ಆಗ ಬೆಳಗಿನ 6.30, ಅವರು ಇನ್ನೂ ಎದ್ದಿರಲಿಕ್ಕಿಲ್ಲ. ಫೋನ್ ಮಾಡದೆ ಸಂದೇಶ ಕಳಿಸಿ. ಅವರ 8 ಗಂಟೆಯವರೆಗೂ ಉತ್ತರ ಬರದಿದ್ದರೆ ಆಗ ಫೋನ್ ಮಾಡಿ. ಒಪ್ಪಿಗೆ ಸಿಗುವ ತನಕ ಹಳೆಯ ಸಮಯವೇ ಖಾಯಂ.

ಒಪ್ಪಿದ ಮೇಲೆ ಹಳೆಯ ಮೀಟಿಂಗ್ ಅಳಿಸಿ ಹೊಸದನ್ನು ಮಾಡಬೇಡಿ, ಇದ್ದದ್ದರ ಸಮಯವನ್ನೇ ಬದಲಿಸಿ. ಇಲ್ಲದಿದ್ದರೆ ಹಳೆಯ ಲಿಂಕ್ ಹಿಡಿದು ಯಾರಾದರೂ ಖಾಲಿ ಕೋಣೆಯಲ್ಲಿ ಕಾಯುವ ಸಂಭವವಿದೆ. ಕರೆದವರು ಕ್ಲೈಂಟ್ ಆಗಿದ್ದರೆ ಸಮಯ ಬದಲಿಸಲು ಅವರನ್ನೇ ಕೇಳಿಕೊಳ್ಳಬೇಕು. ವಾರವಾರದ ಮೀಟಿಂಗ್ ಆದರೆ ಆ ಒಂದು ದಿನದ್ದಷ್ಟೇ ಬದಲಾಗಿದೆಯೇ ಎಂದೂ ನೋಡಿಕೊಳ್ಳಿ.

ಒಮ್ಮೆ ಮುಂದೂಡಿದ ಕಾಲನ್ನು ಎರಡನೇ ಸಲ ಮುಂದೂಡಬಾರದು. ನಿಮಗೆ ಆಗದಿದ್ದರೆ ವಿಷಯ ಬಲ್ಲ ಸಹೋದ್ಯೋಗಿ ಆ ಹೊತ್ತಿಗೆ ಕೂರಲಿ. ಅದಕ್ಕಾಗಿಯೇ ಸಮಯ ಬದಲಿಸಿದ ದಿನವೇ ಅವರಿಗೂ ಆಹ್ವಾನ ಕಳಿಸಿ, ವರದಿಯನ್ನೂ ಕೊಟ್ಟಿಡಬೇಕು.