ಕುಡಿತ ಮರುಕಳಿಸುವುದು ಗ್ಲಾಸಿನಿಂದಲ್ಲ

ಕುಡಿತ ಬಿಟ್ಟು ಎರಡು ತಿಂಗಳಾದ ಗಾರೆ ಮೇಸ್ತ್ರಿಯೊಬ್ಬನ ಉದಾಹರಣೆ ನೋಡೋಣ. ಶನಿವಾರ ಸಂಜೆ ಬಟವಾಡೆಯಾಗಿದೆ. ಮಧ್ಯಾಹ್ನದ ಊಟ ತಪ್ಪಿದೆ, ಕಂಟ್ರಾಕ್ಟರ್ ಜೊತೆ ಮಾತಿಗೆ ಮಾತು ಬೆಳೆದಿದೆ. ಹಳೆಯ ಗೆಳೆಯನಿಗೆ ಐನೂರು ರೂಪಾಯಿ ಸಾಲ ತೀರಿಸಬೇಕು, ಅವನೋ ಆ ಹೊತ್ತಿಗೆ ಬಾರ್‌ನಲ್ಲಿರುತ್ತಾನೆ. ‘ದುಡ್ಡು ಕೊಟ್ಟು ಬಂದುಬಿಡ್ತೀನಿ’ ಎಂದು ಹೊರಟವನ ಕೈಯಲ್ಲಿ ಅರ್ಧ ಗಂಟೆ ಕಳೆಯುವಷ್ಟರಲ್ಲಿ ಗ್ಲಾಸು.

ಮನೆಯವರ ಕಣ್ಣಿಗೆ ಬೀಳುವುದು ಆ ಗ್ಲಾಸು. ಅವನು ಜಾರತೊಡಗಿದ್ದು ಅದಕ್ಕೂ ಮೊದಲು: ಹಸಿವು, ಸಿಟ್ಟು, ಜೇಬಿನ ದುಡ್ಡು, ಸಾಲ ತೀರಿಸುವ ನೆಪ. ಅಮೆರಿಕದ ಮನಃಶಾಸ್ತ್ರಜ್ಞ ಅಲನ್ ಮಾರ್ಲಟ್ 1980ರ ದಶಕದಲ್ಲಿ ಎತ್ತಿ ತೋರಿಸಿದ್ದು ಇದನ್ನೇ. ಏನೂ ಆಗದು ಎನ್ನಿಸುವ ಸಣ್ಣಪುಟ್ಟ ತೀರ್ಮಾನಗಳೇ ಮನುಷ್ಯನನ್ನು ಅಪಾಯದ ಜಾಗಕ್ಕೆ ತಂದು ನಿಲ್ಲಿಸುತ್ತವೆ.

ವರ್ಷಗಟ್ಟಲೆ ಬಟವಾಡೆಯ ಹಿಂದೆಯೇ ಕುಡಿತ ಬಂದಿದ್ದರೆ, ಮಿದುಳು ಎರಡನ್ನೂ ಒಟ್ಟಿಗೆ ಕಲಿತಿರುತ್ತದೆ. ನೋಟು ಕೈಗೆ ಬಿದ್ದರೆ ಸಾಕು, ಬಾಯಿ ಒಣಗುತ್ತದೆ, ಮನಸ್ಸು ಚಡಪಡಿಸುತ್ತದೆ. ಟೀ ಕುಡಿದ ಕೂಡಲೇ ಬೀಡಿ ನೆನಪಾಗುವುದೂ ಹೀಗೆಯೇ. ಈ ಸೆಳೆತ ಏರುತ್ತಲೇ ಹೋಗುವುದಿಲ್ಲ. ಅದನ್ನು ಕೆಣಕುವ ಜಾಗದಿಂದ ದೂರ ಸರಿದರೆ ಸಾಮಾನ್ಯವಾಗಿ 15ರಿಂದ 30 ನಿಮಿಷದೊಳಗೆ ಇಳಿಯುತ್ತದೆ. ಆ ಅರ್ಧ ಗಂಟೆ ದಾಟುವುದು ಹೇಗೆಂದು ಮೊದಲೇ ಬರೆದಿಡುವುದೇ ಯೋಜನೆ.

ಮೇಸ್ತ್ರಿಯ ಯೋಜನೆಯನ್ನು ಗುರುವಾರವೇ, ತಲೆ ತಣ್ಣಗಿರುವಾಗ ಬರೆಯಬೇಕು. ‘ಗಟ್ಟಿ ಮನಸ್ಸು ಮಾಡುತ್ತೇನೆ’ ಎಂದು ಬರೆದರೆ ಉಪಯೋಗವಿಲ್ಲ. ಶನಿವಾರ ನಾಲ್ಕು ಗಂಟೆಗೆ ಹೊಟ್ಟೆ ತುಂಬ ತಿನ್ನುವುದು. ಕೂಲಿ ನೇರ ಹೆಂಡತಿಯ ಖಾತೆಗೆ ಹೋಗುವುದು. ಸಾಲವನ್ನು ಫೋನ್‌ನಲ್ಲೇ ಕಳಿಸುವುದು. ಬಾರ್ ಇಲ್ಲದ ರಸ್ತೆ ಹಿಡಿಯುವುದು. ಸೆಳೆತ ಬಂದರೆ ಭಾವನಿಗೆ ಫೋನ್ ಮಾಡುವುದು, ಅವನು ಎತ್ತದಿದ್ದರೆ ಇನ್ನೊಬ್ಬರ ನಂಬರು. ಕರೆಯುವ ಗೆಳೆಯರಿಗೆ ಹೇಳಬೇಕಾದ ಮಾತೂ ಸಿದ್ಧವಿರಬೇಕು: ‘ನಾನು ಬಿಟ್ಟಿದ್ದೀನಿ ಕಣೋ, ಮನೆಗೆ ಹೊರಟೆ.’

ಇಷ್ಟಾದರೂ ಒಂದು ದಿನ ಜಾರಬಹುದು. ಆಗ ಹೆಚ್ಚು ಕೆಡಿಸುವುದು ‘ಹೇಗೂ ಕೆಟ್ಟೆ, ಇನ್ನೇನು’ ಎಂಬ ಯೋಚನೆ. ಒಂದು ಗ್ಲಾಸು ವಾರದ ಕುಡಿತವಾಗುವುದು ಅಲ್ಲೇ. ಆದ್ದರಿಂದ ಯೋಜನೆಯ ಕೊನೆಯ ಸಾಲುಗಳು ಅದಕ್ಕೇ ಮೀಸಲು: ಅರ್ಧ ಗ್ಲಾಸು ಉಳಿದಿದ್ದರೂ ಬಿಟ್ಟು ಎದ್ದು ಬರುವುದು, ಅಂದೇ ರಾತ್ರಿ ಮನೆಯಲ್ಲಿ ಹೇಳುವುದು, ಮರುದಿನ ಆಪ್ತಸಮಾಲೋಚಕರಿಗೆ ಫೋನ್ ಮಾಡಿ ಎಲ್ಲಿ ತಪ್ಪಿತೆಂದು ನೋಡುವುದು. ಮನೆಯವರೂ ಆ ರಾತ್ರಿ ಜಗಳಕ್ಕಿಳಿಯದಿದ್ದರೆ ಅವನು ಮುಂದಿನ ಸಲ ಮುಚ್ಚಿಡುವುದಿಲ್ಲ.

ಮತ್ತೆ ದಿನವೂ ಕುಡಿಯುವಂತಾದರೆ ಮಾತ್ರ ಈ ಕಾಗದ ಸಾಲದು. ಆಗ ಒಮ್ಮೆಲೇ ನಿಲ್ಲಿಸಿದರೆ ಕೈನಡುಕ, ಬೆವರು, ಫಿಟ್ಸ್, ಭ್ರಮೆ ಕಾಣಿಸಿಕೊಂಡು ಜೀವಕ್ಕೇ ಅಪಾಯವಾಗಬಹುದು. ವೈದ್ಯರ ಕಣ್ಗಾವಲಿನಲ್ಲೇ ಬಿಡಬೇಕು. ಸೆಳೆತ ತಗ್ಗಿಸುವ ಔಷಧಿಗಳನ್ನೂ ಅವರು ಕೊಡುತ್ತಾರೆ. ತಂಬಾಕು ಬಿಡುವವರಿಗೆ ಸರ್ಕಾರದ ಉಚಿತ ಸಹಾಯವಾಣಿ 1800-11-2356, ಮಾನಸಿಕ ನೆರವಿಗೆ ಟೆಲಿ ಮಾನಸ್ 14416. ಎರಡೂ ನಂಬರುಗಳನ್ನು ಯೋಜನೆಯ ಕಾಗದದ ಮೇಲ್ತುದಿಯಲ್ಲೇ ಬರೆದುಕೊಳ್ಳಬೇಕು.